ಜಂಪರ್, ಬ್ಯಾಟರಿ, ಇಲ್ಲಾ ಸುಮ್ನೆ ಕಾಯುವುದು: ಮೂರನ್ನೂ ಮಾಡಿ ನೋಡಿದೆ

ತಪ್ಪು ನನ್ನದೇ. 3200ರ ವೇಗಕ್ಕೆ ಮಾಡಿದ ಎರಡು ಡಿಡಿಆರ್4 ರ್‍ಯಾಮ್ ಕಡ್ಡಿಗಳನ್ನು ಕಂಪ್ಯೂಟರ್ ಏಳುವಾಗ ಮೊದಲು ಓಡುವ ಬಯಾಸ್‌ನಲ್ಲಿ 3600ಕ್ಕೆ ಏರಿಸಿದೆ. ಅದು ಓಡಿತು. ಅಲ್ಲಿಗೆ ಬಿಡಬೇಕಿತ್ತು, ಅಲ್ವಾ? ಬಿಡಲಿಲ್ಲ. ರ್‍ಯಾಮ್ ಉತ್ತರಿಸಲು ಇರುವ ಗಡುವನ್ನು, ಅಂದರೆ ಟೈಮಿಂಗ್ ಅನ್ನು, 18ರಿಂದ 14ಕ್ಕೆ ಇಳಿಸಿ, F10 ಒತ್ತಿ ಉಳಿಸಿದೆ. ಫ್ಯಾನ್ ತಿರುಗಿತು, ಲೋಗೋ ಅರೆಕ್ಷಣ ಮಿಂಚಿತು, ಎಲ್ಲ ಆರಿತು. ಮತ್ತೆ ಫ್ಯಾನ್, ಮತ್ತೆ ಲೋಗೋ, ಮತ್ತೆ ಕತ್ತಲು. ಇದೇ ಬೂಟ್ ಲೂಪ್. Del ಕೀಲಿಯನ್ನು ಎಷ್ಟು ಕುಟ್ಟಿದರೂ ಬಯಾಸ್ ಒಳಗೆ ಬಿಡಲಿಲ್ಲ.

ಆ ದಿನ ಹೇಗೋ ಸರಿ ಮಾಡಿದೆ. ಆದರೆ ಯಾವುದರಿಂದ ಸರಿಹೋಯಿತು ಎಂಬುದು ಸ್ಪಷ್ಟವಾಗಲಿಲ್ಲ. ಹಾಗಾಗಿ ಮುಂದಿನ ಭಾನುವಾರ ಬೇಕಂತಲೇ ಮತ್ತೆ ಮತ್ತೆ ಕೆಡಿಸಿ, ಲೂಪ್ ಬಿಡಿಸುವ ಒಂದೊಂದು ದಾರಿಯನ್ನೂ ಬೇರೆ ಬೇರೆಯಾಗಿ ನೋಡಿದೆ. ವೋಲ್ಟೇಜ್ ಮಾತ್ರ ಮುಟ್ಟಲಿಲ್ಲ. ವೇಗ, ಟೈಮಿಂಗ್ ತಪ್ಪಾದರೆ ಯಂತ್ರ ಏಳುವುದಿಲ್ಲ, ಅಷ್ಟೆ. ವೋಲ್ಟೇಜ್ ತಪ್ಪಾದರೆ ಬಿಡಿಭಾಗವೇ ಸುಡಬಹುದು.

ಮೊದಲು ರೋಗ ಯಾವುದು ಅಂತ ನೋಡಬೇಕು. ಪವರ್ ಕೊಟ್ಟ ಒಂದೆರಡು ಸೆಕೆಂಡಿನಲ್ಲೇ ಆರಿ ಮತ್ತೆ ಹತ್ತುತ್ತಿದ್ದರೆ ನಾನು ಮೊದಲು ಪವರ್ ಸಪ್ಲೈ, ವೈರು, ಎಲ್ಲೋ ಆಗಿರುವ ಶಾರ್ಟ್ ಇವನ್ನು ಅನುಮಾನಿಸುತ್ತೇನೆ. ಹತ್ತಿಪ್ಪತ್ತು ಸೆಕೆಂಡು ನಡೆದು, ಮದರ್‌ಬೋರ್ಡಿನ ಮೇಲಿನ DRAM ದೀಪ ಉರಿದು, ಆಮೇಲೆ ಆರಿದರೆ ರ್‍ಯಾಮ್ ಸೆಟ್ಟಿಂಗ್ ಮೇಲೆ ಕಣ್ಣು. ಲೋಗೋ ದಾಟಿ ವಿಂಡೋಸ್ ಶುರುವಾಗುವಾಗ ರೀಸ್ಟಾರ್ಟ್ ಆಗುತ್ತಿದ್ದರೆ ಕೇಸ್ ಬಿಚ್ಚುವ ಕೆಲಸವೇ ಇಲ್ಲ. ಬಯಾಸ್‌ಗೆ ಹೋಗಲು ಆಗುತ್ತದೆ, ಬದಲಾಯಿಸಿದ್ದನ್ನು ಅಲ್ಲೇ ಹಿಂದಕ್ಕೆ ಇಟ್ಟರಾಯಿತು. ನನ್ನದು ಎರಡನೆಯ ಜಾತಿ.

ಮೊದಲ ದಾರಿ, ಸುಮ್ನೆ ಕಾಯುವುದು. ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಏಳುವಾಗ ಬೋರ್ಡ್ ರ್‍ಯಾಮ್ ಜೊತೆ ಮಾತಾಡುವ ಲಯವನ್ನು ಹೊಂದಿಸಿಕೊಳ್ಳಬೇಕು. ಅದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಅದು ಸೋತರೆ ಬೋರ್ಡ್ ತಾನೇ ಆರಿ ಮತ್ತೆ ಪ್ರಯತ್ನಿಸುತ್ತದೆ. ಹೊರಗಿನಿಂದ ನೋಡಿದರೆ ಅದೂ ಬೂಟ್ ಲೂಪ್ ಥರಾನೇ ಕಾಣುತ್ತದೆ. ವೇಗವನ್ನು 3800ಕ್ಕೆ ಇಟ್ಟು ಕೆಡಿಸಿದಾಗ ನನ್ನ ಬೋರ್ಡ್ ಮೂರು ಸಲ ಎದ್ದು ಬಿದ್ದು, ನಾಲ್ಕನೇ ಸಲ ಸುರಕ್ಷಿತ ವೇಗದಲ್ಲಿ ಎದ್ದು, ಸೆಟ್ಟಿಂಗ್ ಸರಿಯಿಲ್ಲ ಅಂತ ಸಂದೇಶ ತೋರಿಸಿತು. ನಾನು ಸ್ಕ್ರೂಡ್ರೈವರ್ ಮುಟ್ಟಿರಲೂ ಇಲ್ಲ. ಡಿಡಿಆರ್5 ಬೋರ್ಡ್‌ಗಳಲ್ಲಂತೂ ಮೊದಲ ಟ್ರೈನಿಂಗ್‌ಗೆ ಕೆಲವು ನಿಮಿಷವೇ ಹಿಡಿಯಬಹುದು. ನಡುವೆ ಗಾಬರಿಯಾಗಿ ಸ್ವಿಚ್ ಆರಿಸಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ಆದರೆ 14ರ ಟೈಮಿಂಗ್ ಇಟ್ಟಾಗ ಹತ್ತು ನಿಮಿಷ ಕಾದರೂ ಏನೂ ಆಗಲಿಲ್ಲ. ಲೋಗೋ ಬರುತ್ತಿದ್ದುದೇ ಸುಳಿವು. ಲೋಗೋ ಬಂತು ಅಂದರೆ ಟ್ರೈನಿಂಗ್ ಪಾಸಾಗಿದೆ. ಅದಾದ ಮೇಲೆ ರ್‍ಯಾಮ್ ತಪ್ಪು ಕೊಟ್ಟು ಯಂತ್ರ ಬೀಳುತ್ತಿದೆ. ಬೋರ್ಡ್ ಲೆಕ್ಕದಲ್ಲಿ ಅದು ಟ್ರೈನಿಂಗ್ ಸೋಲೇ ಅಲ್ಲ, ಹಾಗಾಗಿ ಹಿಂದೆ ಸರಿಯುವುದೂ ಇಲ್ಲ. ಅದಕ್ಕೇ ನನ್ನ ನಿಯಮ ಹೀಗೆ: ಪರದೆ ಪೂರ್ತಿ ಕಪ್ಪಾಗಿದ್ದರೆ ಕಾಯುತ್ತೇನೆ, ಲೋಗೋ ಬಂದು, ಬಯಾಸ್ ಒಳಗೂ ಬಿಡದೆ ಬೀಳುತ್ತಿದ್ದರೆ ಕೇಸ್ ಬಿಚ್ಚುತ್ತೇನೆ.

ಎರಡನೆಯದು ಬ್ಯಾಟರಿ ತೆಗೆಯುವುದು. ಬೋರ್ಡ್ ಮೇಲಿರುವ ನಾಣ್ಯದಂಥ 3 ವೋಲ್ಟಿನ CR2032. ಎಲ್ಲರೂ ಮೊದಲು ಹೇಳುವುದು ಇದನ್ನೇ, ನಾನು ಮೊದಲು ಸೋತದ್ದೂ ಇದರಲ್ಲೇ. ಬ್ಯಾಟರಿ ಕಿತ್ತೆ, ಐದು ನಿಮಿಷ ಬಿಟ್ಟೆ, ಹಾಕಿದೆ. ಅದೇ ಲೂಪ್! ತಲೆ ಕೆರೆದುಕೊಳ್ಳುವಾಗ ಬೋರ್ಡಿನ ಮೂಲೆಯಲ್ಲಿ ಪುಟ್ಟ ದೀಪವೊಂದು ಉರಿಯುತ್ತಿರುವುದು ಕಂಡಿತು. ಪವರ್ ಕೇಬಲ್ ಕಿತ್ತೇ ಇರಲಿಲ್ಲ. ಕಂಪ್ಯೂಟರ್ ಆಫ್ ಇದ್ದರೂ ಕೇಬಲ್ ಇರುವ ತನಕ ಪವರ್ ಸಪ್ಲೈ ಬೋರ್ಡ್‌ಗೆ ಸ್ವಲ್ಪ ಕರೆಂಟ್ ಕೊಡುತ್ತಲೇ ಇರುತ್ತದೆ. ಬಯಾಸ್ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವ ಸಿಮಾಸ್‌ಗೆ ಅಷ್ಟು ಸಾಕು. ಬ್ಯಾಟರಿ ಬೇಕಾಗುವುದು ಆ ಕರೆಂಟೂ ಇಲ್ಲದಾಗ ಮಾತ್ರ. ಐದು ನಿಮಿಷ ಕಾದಿದ್ದು ದಂಡ.

ಮತ್ತೆ ಮಾಡಿದೆ. ಕೇಬಲ್ ಕಿತ್ತು, ಬ್ಯಾಟರಿ ತೆಗೆದು, ಕೇಸ್‌ನ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿಯಲಿ ಅಂತ. ಐದು ನಿಮಿಷ ಬಿಟ್ಟು ಹಾಕಿದೆ. ಈ ಸಲ ಎದ್ದಿತು. ಒಂದು ಲಾಭವೂ ಆಯಿತು: ಹೊರಗೆ ಬಂದ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 2.6 ವೋಲ್ಟ್. ಹೊಸದು 3ಕ್ಕಿಂತ ಮೇಲಿರಬೇಕು. ಗಡಿಯಾರ ಆಗಾಗ ಹಿಂದೆ ಹೋಗುತ್ತಿದ್ದುದು ಯಾಕೆ ಅಂತ ಆಗ ಗೊತ್ತಾಯಿತು.

ತೊಂದರೆ ಅಂದರೆ ಜಾಗ. ನನ್ನ ಬ್ಯಾಟರಿ ಗ್ರಾಫಿಕ್ಸ್ ಕಾರ್ಡ್ ಅಡಿಯಲ್ಲಿದೆ. ಪ್ರತಿ ಸಲ ಕಾರ್ಡ್ ಬಿಚ್ಚಬೇಕು, ಅದರ ಕ್ಲಿಪ್ಪಿಗೆ ಬೆರಳು ತಲುಪುವುದಿಲ್ಲ.

ಮೂರನೆಯದು ಜಂಪರ್. ಬೋರ್ಡಿನ ಅಂಚಿನಲ್ಲಿ ಎರಡು ಬರಿಯ ಪಿನ್ನು. ಪಕ್ಕದಲ್ಲಿ CLRTC, JBAT1, CLR_CMOS ಹೀಗೆ ಏನಾದರೊಂದು ಬರೆದಿರುತ್ತದೆ. ಕೇಬಲ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಬಿಟ್ಟು, ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನು ಎರಡೂ ಪಿನ್ನಿಗೆ ಒಟ್ಟಿಗೆ ತಾಗಿಸಿ ಹತ್ತು ಸೆಕೆಂಡ್ ಹಿಡಿದೆ. ಅಷ್ಟೇ. ಮೂರು ಸಲ ಕೆಡಿಸಿದೆ, ಮೂರು ಸಲವೂ ಎದ್ದಿತು. ಬ್ಯಾಟರಿ ತೆಗೆದಾಗ ಕರೆಂಟ್ ಪೂರ್ತಿ ಇಳಿಯುವ ತನಕ ಕಾಯಬೇಕು. ಇಲ್ಲಿ ಹಾಗಲ್ಲ, "ಹಳೆಯದನ್ನು ನಂಬಬೇಡ" ಅಂತ ಬೋರ್ಡ್‌ಗೆ ನೇರವಾಗಿ ಹೇಳಿದಂತೆ. ಪಿನ್ ಯಾವುದು ಅಂತ ಮಾತ್ರ ಮ್ಯಾನ್ಯುಯಲ್‌ನಲ್ಲಿ ಖಚಿತ ಮಾಡಿಕೊಳ್ಳಿ. ಪಕ್ಕದಲ್ಲೇ ಯುಎಸ್‌ಬಿ, ಫ್ಯಾನ್ ಪಿನ್ನುಗಳಿರುತ್ತವೆ.

ತಮ್ಮನ ಬೋರ್ಡ್‌ನಲ್ಲಿ ಇದೇ ಕೆಲಸಕ್ಕೆ ಹಿಂಬದಿಯಲ್ಲಿ ಒಂದು ಬಟನ್ ಇದೆ. ಕೇಸ್ ಬಿಚ್ಚದೆ ಒತ್ತಿದ, ಮುಗಿಯಿತು. ಹೊಟ್ಟೆಕಿಚ್ಚಾಯಿತು.

ಹಾಗಾಗಿ ಜಂಪರ್‌ಗೇ ನನ್ನ ಓಟು. ಬ್ಯಾಟರಿ ತೆಗೆಯುವುದು ಪಿನ್ ಸಿಗದಿದ್ದರೆ ಇಲ್ಲಾ ಗಡಿಯಾರವೂ ತಪ್ಪುತ್ತಿದ್ದರೆ. ಎರಡನ್ನೂ ಸರಿಯಾಗಿ ಮಾಡಿದ ಮೇಲೂ ಲೂಪ್ ನಿಲ್ಲಲಿಲ್ಲವೆಂದರೆ ಸೆಟ್ಟಿಂಗ್ ಮೇಲಿನ ಅನುಮಾನ ಬಿಟ್ಟು, ಒಂದೇ ರ್‍ಯಾಮ್ ಕಡ್ಡಿ ಹಾಕಿ ನೋಡುವ ಹೊತ್ತು ಬಂತು ಅಂತ ಅರ್ಥ.

ರೀಸೆಟ್ ಆದ ಮೇಲಿನ ಪಾಡು ಬ್ಯಾಟರಿ, ಜಂಪರ್ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ರ್‍ಯಾಮ್ ಕೆಳಗಿನ ವೇಗಕ್ಕೆ ಇಳಿಯಿತು, ಫ್ಯಾನ್ ಸೆಟ್ಟಿಂಗ್ ಹೋಯಿತು, ವರ್ಚುವಲ್ ಮಷೀನ್‌ಗೆ ಬೇಕಾದ ಆಯ್ಕೆ ಆಫ್ ಆಯಿತು. ಬ್ಯಾಟರಿ ತೆಗೆದಾಗ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿ, ಬ್ರೌಸರ್ ಯಾವ ಸೈಟ್ ತೆರೆದರೂ ಸುರಕ್ಷಿತವಲ್ಲ ಅನ್ನತೊಡಗಿತು. ಇವೆಲ್ಲ ಐದು ನಿಮಿಷದ ಕೆಲಸ. ನನಗೆ ನಿಜವಾಗಿ ಬೆವರು ಬಂದದ್ದು ತಮ್ಮನ ಯಂತ್ರದಲ್ಲಿ. ರೀಸೆಟ್‌ನಿಂದ ಡಿಸ್ಕ್ ಬೀಗದ ಕೀ ಕಾಯುವ ಟಿಪಿಎಂ ಆಫ್ ಆಗಿ, ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ 48 ಅಂಕೆಯ ರಿಕವರಿ ಕೀ ಕೇಳಿತು. ಬಯಾಸ್‌ಗೆ ಹೋಗಿ ಟಿಪಿಎಂ ಮತ್ತೆ ಆನ್ ಮಾಡಿದಾಗ ಕೇಳುವುದು ನಿಂತಿತು. ಈಗ ಆ ಕೀಯನ್ನು ಕಾಗದದಲ್ಲಿ ಬರೆದು ಕೇಸ್ ಡಬ್ಬದೊಳಗೆ ಅಲ್ಲ, ಬೀರುವಿನಲ್ಲಿಟ್ಟಿದ್ದಾನೆ. ಬಯಾಸ್‌ನ ಪುಟಗಳನ್ನೆಲ್ಲ ಫೋನ್‌ನಲ್ಲಿ ಫೋಟೋ ತೆಗೆದುಕೊಂಡ ಮೇಲೇ ನಾನು F10 ಒತ್ತುತ್ತೇನೆ.