ಅಂಕಪಟ್ಟಿ, ದರ್ಜೆ, ಗಣಿತದ ಮಾದರಿ: ಲೀಡ್‌ಗಳನ್ನು ತೂಗುವ ಮೂರು ವಿಧಾನಗಳ ಹೋಲಿಕೆ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಜಾಹೀರಾತು ಕ್ಯಾಂಪೇನ್‌ಗಳನ್ನು ನಡೆಸಿ, ಬಂದ ಲೀಡ್‌ಗಳನ್ನು, ಅಂದರೆ ಮುಂದೆ ಗ್ರಾಹಕರಾಗಬಹುದಾದವರ ಹೆಸರು-ವಿವರಗಳನ್ನು, ಸೇಲ್ಸ್ ತಂಡಕ್ಕೆ ದಾಟಿಸುವುದು ನನ್ನ ಕೆಲಸ. ನಾವು ಮಾರುವುದು ಜಿಎಸ್‌ಟಿ ಬಿಲ್ಲಿಂಗ್ ಮತ್ತು ಸರ್ಕಾರದ ತಾಣದಲ್ಲಿ ಬಿಲ್ಲನ್ನು ನೋಂದಾಯಿಸುವ ಇ-ಇನ್‌ವಾಯ್ಸ್ ಸಾಫ್ಟ್‌ವೇರ್. ಕೊಳ್ಳುವವರು ಹೆಚ್ಚಾಗಿ ಮಧ್ಯಮ ಗಾತ್ರದ ತಯಾರಕರು ಮತ್ತು ಸಗಟು ವ್ಯಾಪಾರಿಗಳು. ಗೂಗಲ್ ಹುಡುಕಾಟದ ಜಾಹೀರಾತು, ವೆಬಿನಾರ್, ಹೆಸರು-ಇಮೇಲ್ ತಾನಾಗಿಯೇ ತುಂಬಿಕೊಳ್ಳುವ ಸಾಮಾಜಿಕ ಜಾಲತಾಣದ ಫಾರ್ಮ್, ಇವೆಲ್ಲವುಗಳಿಂದ ಬರುವ ಹೆಸರುಗಳಲ್ಲಿ ಯಾರಿಗೆ ಮೊದಲು ಕರೆ ಮಾಡಬೇಕು ಎಂಬುದನ್ನು ತೀರ್ಮಾನಿಸಲು ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದ್ದೇವೆ. ಅವುಗಳನ್ನು ಇಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ.

ಮೊದಲನೆಯದು ಎಲ್ಲರಿಗೂ ಪರಿಚಿತವಾದ ಅಂಕಪಟ್ಟಿ. ಸಂಪರ್ಕಿಸಿದವರ ಪ್ರತಿಯೊಂದು ಗುಣಕ್ಕೂ ಪ್ರತಿಯೊಂದು ಚಟುವಟಿಕೆಗೂ ಅಂಕ ಕೊಟ್ಟು ಕೂಡಿಸುವುದು, ಮೊತ್ತ ಒಂದು ಮಿತಿಯನ್ನು ದಾಟಿದರೆ ಸೇಲ್ಸ್‌ಗೆ ಕಳುಹಿಸುವುದು ಇದರ ಕ್ರಮ. ಗ್ರಾಹಕರ ದಾಖಲೆ ಇಡುವ ಬಹುತೇಕ ಸಿಆರ್‌ಎಂ ತಂತ್ರಾಂಶಗಳಲ್ಲಿ ಇದಕ್ಕೆ ಸಿದ್ಧ ವ್ಯವಸ್ಥೆ ಇರುವುದರಿಂದ ಒಂದೇ ಮಧ್ಯಾಹ್ನದಲ್ಲಿ ಆರಂಭಿಸಬಹುದು, ಮತ್ತು ಯಾವ ಲೀಡ್‌ಗೆ ಎಷ್ಟು ಅಂಕ ಏಕೆ ಬಂತೆಂದು ಯಾರು ಬೇಕಾದರೂ ನೋಡಿ ತಿಳಿದುಕೊಳ್ಳಬಹುದು. ಇದರ ದೋಷ ಎಲ್ಲಿದೆ ಎಂಬುದು ನಾವು ಪದೇ ಪದೇ ಕಂಡ ಎರಡು ಬಗೆಯ ಲೀಡ್‌ಗಳನ್ನು ಹೋಲಿಸಿದರೆ ಸ್ಪಷ್ಟವಾಗುತ್ತದೆ.

ಒಬ್ಬರು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಘಟಕದ ಮಾಲೀಕರು; ವಾರ್ಷಿಕ ವಹಿವಾಟು ಸುಮಾರು 7 ಕೋಟಿ ರೂಪಾಯಿ. ಹುಡುಕಾಟದ ಜಾಹೀರಾತಿನ ಮೂಲಕ ಬಂದು, ಒಮ್ಮೆ ಮಾತ್ರ ಬೆಲೆಯ ಪುಟವನ್ನು ನೋಡಿ, ಫಾರ್ಮ್ ತುಂಬಿ ಹೋಗಿದ್ದಾರೆ. ಇನ್ನೊಬ್ಬರು ವಾಣಿಜ್ಯ ವಿಷಯ ಕಲಿಯುತ್ತಿರುವ ವಿದ್ಯಾರ್ಥಿ. ಎರಡು ವೆಬಿನಾರ್‌ಗಳಲ್ಲಿ ಕೂತು, ಮೂರು ಕೈಪಿಡಿಗಳನ್ನು ಇಳಿಸಿಕೊಂಡು, ನಮ್ಮ ಹತ್ತು ಇಮೇಲ್‌ಗಳನ್ನು ತೆರೆದಿದ್ದಾರೆ. ನಮ್ಮ ಪಟ್ಟಿಯ ಪ್ರಕಾರ ಮಾಲೀಕರಿಗೆ ವಹಿವಾಟಿಗಾಗಿ 20, ತಯಾರಿಕಾ ವಲಯಕ್ಕಾಗಿ 10, ಹುದ್ದೆಗಾಗಿ 15, ಬೆಲೆಯ ಪುಟಕ್ಕಾಗಿ 15, ಒಟ್ಟು 60 ಅಂಕ. ವಿದ್ಯಾರ್ಥಿಗೆ ವೆಬಿನಾರ್‌ಗಳಿಂದ 30, ಕೈಪಿಡಿಗಳಿಂದ 30, ಇಮೇಲ್‌ಗಳಿಂದ 20, ವೈಯಕ್ತಿಕ ಇಮೇಲ್ ವಿಳಾಸಕ್ಕಾಗಿ 5 ಕಳೆದರೂ 75 ಅಂಕ. ಮಿತಿಯನ್ನು 65ಕ್ಕೆ ಇಟ್ಟಿದ್ದರೆ ಕರೆ ಹೋಗುವುದು ವಿದ್ಯಾರ್ಥಿಗೆ. ಮಾಲೀಕರು ನಮ್ಮ ವಾರದ ಇಮೇಲ್ ಪತ್ರದ ಪಟ್ಟಿಯಲ್ಲಿ ಉಳಿಯುತ್ತಾರೆ.

ಅಂಕಗಳನ್ನು ತಿದ್ದಿದರೆ ಸರಿಹೋಗುತ್ತದೆ ಎಂದು ತೋರುವುದು ಸಹಜ. ಆದರೆ ವಿದ್ಯಾರ್ಥಿಯ ಅಂಕ ಇಳಿಸಲು ವೆಬಿನಾರ್‌ನ ತೂಕ ಕಡಿಮೆ ಮಾಡಿದರೆ, ನಿಜವಾಗಿಯೂ ಕೊಳ್ಳುವ ಉದ್ದೇಶದಿಂದ ವೆಬಿನಾರ್‌ಗೆ ಬಂದ ಅಕೌಂಟ್ಸ್ ಮ್ಯಾನೇಜರ್ ಕೂಡ ಕೆಳಗಿಳಿಯುತ್ತಾರೆ. ಚಟುವಟಿಕೆಯ ಅಂಕಕ್ಕೆ ಮೇಲ್ಮಿತಿ ಇಲ್ಲದಿರುವುದು ಇದಕ್ಕೆ ಒಂದು ಕಾರಣ. ವ್ಯಕ್ತಿ ಯಾರು ಎಂಬುದನ್ನೂ ಆತ ಏನು ಮಾಡಿದ ಎಂಬುದನ್ನೂ ಒಂದೇ ಮೊತ್ತದಲ್ಲಿ ಬೆರೆಸಿರುವುದು ಅದಕ್ಕಿಂತ ದೊಡ್ಡ ಕಾರಣ.

ಇಮೇಲ್ ತೆರೆದದ್ದಕ್ಕೆ ಅಂಕ ಕೊಡುವುದನ್ನಂತೂ ಈಗ ಯಾರಿಗೂ ಸೂಚಿಸಲಾರೆ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಖಾಸಗಿತನದ ಸೌಲಭ್ಯವು, ಓದುಗ ಪತ್ರವನ್ನು ತೆರೆಯಲಿ ಬಿಡಲಿ, ಅದರೊಳಗಿನ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಚಿತ್ರ ಇಳಿದದ್ದನ್ನೇ ಪತ್ರ ತೆರೆದದ್ದೆಂದು ಎಣಿಸುವ ನಮ್ಮ ಲೆಕ್ಕದಲ್ಲಿ ಅದು ತೆರೆದ ಪತ್ರವಾಗಿಯೇ ದಾಖಲಾಗುತ್ತದೆ. ಲಿಂಕ್ ಒತ್ತಿದ್ದನ್ನು ನಂಬೋಣವೆಂದರೆ, ಹಲವು ಕಂಪನಿಗಳ ಇಮೇಲ್ ಭದ್ರತಾ ತಂತ್ರಾಂಶಗಳು ಒಳಬರುವ ಪತ್ರದ ಲಿಂಕ್‌ಗಳನ್ನು ತಾವೇ ತೆರೆದು ಪರೀಕ್ಷಿಸುತ್ತವೆ. ಪತ್ರ ತಲುಪಿದ ಕೆಲವೇ ಸೆಕೆಂಡುಗಳಲ್ಲಿ ಅದರೊಳಗಿನ ಎಲ್ಲ ಲಿಂಕ್‌ಗಳೂ, ಚಂದಾ ರದ್ದುಪಡಿಸುವ ಲಿಂಕ್ ಸಹಿತ, ಒಟ್ಟಿಗೆ ಒತ್ತಲ್ಪಟ್ಟಿದ್ದರೆ ಅದು ಮನುಷ್ಯನ ಕೆಲಸವಲ್ಲವೆಂದು ತಿಳಿಯಬಹುದು.

ಎರಡನೆಯ ವಿಧಾನ ಈ ಬೆರಕೆಯನ್ನೇ ಬಿಡಿಸುತ್ತದೆ. ಪ್ರತಿ ಲೀಡ್‌ಗೂ ಒಂದು ಅಕ್ಷರ ಮತ್ತು ಒಂದು ಅಂಕಿಯನ್ನು ಕೊಡಲಾಗುತ್ತದೆ: ಎ ಇಂದ ಡಿ ವರೆಗಿನ ಅಕ್ಷರವು ಈ ಗ್ರಾಹಕ ನಮಗೆ ಎಷ್ಟು ಹೊಂದುತ್ತಾನೆ ಎಂಬುದನ್ನೂ, 1ರಿಂದ 4ರವರೆಗಿನ ಅಂಕಿಯು ಆತನ ಆಸಕ್ತಿಯನ್ನೂ ಹೇಳುತ್ತದೆ. ಆಸಕ್ತಿಯನ್ನು ನಾವು ಕೂಡಿಸುವುದಿಲ್ಲ. ಆತ ಇಟ್ಟ ಅತಿ ಮುಂದಿನ ಹೆಜ್ಜೆ ಯಾವುದೋ ಅದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಡೆಮೊ ಅಥವಾ ಕೊಟೇಶನ್ ಕೇಳಿದರೆ 1, ಬೆಲೆಯ ಪುಟ ನೋಡಿದರೆ ಅಥವಾ ಟ್ರಯಲ್ ಆರಂಭಿಸಿದರೆ 2, ವೆಬಿನಾರ್ ಅಥವಾ ಕೈಪಿಡಿಯಾದರೆ 3, ಏನೂ ಇಲ್ಲದಿದ್ದರೆ 4. ಹತ್ತು ಕೈಪಿಡಿ ಇಳಿಸಿಕೊಂಡರೂ ಅಂಕಿ 3ರಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಪೀಣ್ಯದ ಮಾಲೀಕರು ಎ2 ಆಗುತ್ತಾರೆ, ವಿದ್ಯಾರ್ಥಿ ಡಿ3 ಆಗುತ್ತಾರೆ. ಎ1, ಎ2, ಬಿ1 ದರ್ಜೆಯವರಿಗೆ ಅದೇ ದಿನ ಕರೆ. ಡಿ ದರ್ಜೆಯವರು ಡೆಮೊ ಕೇಳಿದರೂ ಅವರಿಗೆ ರೆಕಾರ್ಡ್ ಮಾಡಿದ ಡೆಮೊ ಕಳುಹಿಸುತ್ತೇವೆಯೇ ಹೊರತು ಸೇಲ್ಸ್‌ನವರ ಸಮಯ ಕೊಡುವುದಿಲ್ಲ.

ಆಸಕ್ತಿ ಹಳತಾಗುವುದನ್ನು ಇಲ್ಲಿ ಸುಲಭವಾಗಿ ಸೇರಿಸಬಹುದು: 30 ದಿನ ಯಾವ ಹೊಸ ಹೆಜ್ಜೆಯೂ ಇಲ್ಲದಿದ್ದರೆ ಆಸಕ್ತಿಯ ದರ್ಜೆ ಒಂದು ಮೆಟ್ಟಿಲು ಇಳಿಯುತ್ತದೆ. ಅಂಕಪಟ್ಟಿಯನ್ನೇ ಬಳಸುವವರು ಇದೇ ಕೆಲಸವನ್ನು ಈ ಸೂತ್ರದಿಂದ ಮಾಡಬಹುದು:

```
score = points * 0.5 ** (days / 30)
```

ಇದರ ಪ್ರಕಾರ ವೆಬಿನಾರ್‌ಗಳಿಂದ ಬಂದ 30 ಅಂಕ ಒಂದು ತಿಂಗಳಿಗೆ 15ಕ್ಕೂ ಎರಡು ತಿಂಗಳಿಗೆ 7.5ಕ್ಕೂ ಇಳಿಯುತ್ತದೆ. ವ್ಯಕ್ತಿಯ ಹೊಂದಿಕೆಗೆ ಇಂತಹ ಇಳಿಕೆ ಇರಬಾರದು, ಏಕೆಂದರೆ 7 ಕೋಟಿ ವಹಿವಾಟಿನ ಘಟಕ ಎರಡು ತಿಂಗಳು ಸುಮ್ಮನಿದ್ದ ಮಾತ್ರಕ್ಕೆ ಸಣ್ಣದಾಗುವುದಿಲ್ಲ.

ಅಕ್ಷರವನ್ನು ನಿರ್ಧರಿಸುವುದೇ ಈ ವಿಧಾನದ ಶ್ರಮದ ಭಾಗ, ಮತ್ತು ನಮ್ಮ ವಲಯದಲ್ಲಿ ಅದಕ್ಕೊಂದು ಅನುಕೂಲವಿದೆ. 2023ರ ಆಗಸ್ಟ್ 1ರಿಂದ, 2017-18 ಅಥವಾ ಅದರ ನಂತರದ ಯಾವುದೇ ಹಿಂದಿನ ಆರ್ಥಿಕ ವರ್ಷದಲ್ಲಿ 5 ಕೋಟಿ ರೂಪಾಯಿಗಿಂತ ಹೆಚ್ಚು ಒಟ್ಟು ವಹಿವಾಟು ನಡೆಸಿದವರಿಗೆ, ಬ್ಯಾಂಕು, ವಿಮೆಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೇರೆ ವ್ಯವಹಾರಸ್ಥರಿಗೆ ಕೊಡುವ ಬಿಲ್ಲುಗಳಲ್ಲಿ ಇ-ಇನ್‌ವಾಯ್ಸ್ ಕಡ್ಡಾಯ. ಆದ್ದರಿಂದ ಫಾರ್ಮ್‌ನಲ್ಲಿ ವಹಿವಾಟು ಎಷ್ಟೆಂದು ಕೇಳುವುದಕ್ಕಿಂತ ಜಿಎಸ್‌ಟಿ ನೋಂದಣಿ ಸಂಖ್ಯೆಯಾದ ಜಿಎಸ್‌ಟಿಐಎನ್ ಕೇಳುವುದು ಲಾಭಕರ. ವಹಿವಾಟನ್ನು ಜನರು ಅಂದಾಜಿನಲ್ಲಿ ಹೇಳುತ್ತಾರೆ, ಕೆಲವರು ಹೇಳುವುದೇ ಇಲ್ಲ. ಆ 15 ಅಕ್ಷರಗಳ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರಗಳು ಪ್ಯಾನ್ ಆಗಿರುವುದರಿಂದ ಒಟ್ಟಾರೆ ಆರನೆಯ ಅಕ್ಷರ ಸಂಸ್ಥೆಯ ಬಗೆಯನ್ನು ಹೇಳುತ್ತದೆ: `P` ಇದ್ದರೆ ವ್ಯಕ್ತಿ, `F` ಇದ್ದರೆ ಪಾಲುದಾರಿಕೆ, `C` ಇದ್ದರೆ ಕಂಪನಿ. ಜೊತೆಗೆ ಆ ಜಿಎಸ್‌ಟಿಐಎನ್‌ಗೆ ಇ-ಇನ್‌ವಾಯ್ಸ್ ಸಕ್ರಿಯವಾಗಿದೆಯೇ ಎಂಬುದನ್ನು ಸರ್ಕಾರದ ಇ-ಇನ್‌ವಾಯ್ಸ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸಕ್ರಿಯವಾಗಿದ್ದ ಮಾತ್ರಕ್ಕೆ ಆ ಉದ್ದಿಮೆಗೆ ಅದು ಕಡ್ಡಾಯವೆಂದು ಖಚಿತವಾಗುವುದಿಲ್ಲ, ವಿನಾಯಿತಿ ಇರುವವರೂ ಅಲ್ಲಿ ಕಾಣಿಸಬಹುದು. ಆದರೂ ಬಾಯಿಮಾತಿನ ವಹಿವಾಟಿಗಿಂತ ಇದು ಎಷ್ಟೋ ಗಟ್ಟಿಯಾದ ಸುಳಿವು. ಈ ಅಂಕಣವನ್ನು ಐಚ್ಛಿಕವಾಗಿಯೇ ಇಡಬೇಕೆಂಬುದು ನನ್ನ ಅಭಿಪ್ರಾಯ. ಕಡ್ಡಾಯ ಮಾಡಿದರೆ ಫಾರ್ಮ್ ಅರ್ಧದಲ್ಲಿ ಬಿಡುವವರು ಹೆಚ್ಚುತ್ತಾರೆ, ಐಚ್ಛಿಕವಾಗಿಟ್ಟರೆ ತುಂಬುವುದೇ ಒಂದು ಆಸಕ್ತಿಯ ಲಕ್ಷಣವಾಗುತ್ತದೆ.

ಮೂರನೆಯದು ಹಳೆಯ ಲೀಡ್‌ಗಳ ಫಲಿತಾಂಶದಿಂದ ತೂಕಗಳನ್ನು ಗಣಿತವೇ ಕಂಡುಹಿಡಿಯುವ ಮಾದರಿ. ನಾವು ಬಳಸಿದ್ದು ಲಾಜಿಸ್ಟಿಕ್ ರಿಗ್ರೆಶನ್. ಪ್ರತಿ ಲೀಡ್ ಗ್ರಾಹಕನಾಗುವ ಸಂಭವನೀಯತೆಯನ್ನು ಅದು 0 ಮತ್ತು 1ರ ನಡುವೆ ಕೊಡುತ್ತದೆ. ಯಾವ ಗುಣಕ್ಕೆ ಎಷ್ಟು ಅಂಕವೆಂದು ಸಭೆಯಲ್ಲಿ ವಾದ ಮಾಡಬೇಕಾಗಿಲ್ಲ ಎಂಬುದೇ ಇದರ ಆಕರ್ಷಣೆ. ಆದರೆ ಇದಕ್ಕೆ ಬೇಕಾಗುವುದು ಲೀಡ್‌ಗಳ ರಾಶಿಯಲ್ಲ, ಗೆದ್ದ ಡೀಲ್‌ಗಳು. ಒಂದು ಗುಣಕ್ಕೆ ಕನಿಷ್ಠ ಹತ್ತು ಗೆಲುವುಗಳಾದರೂ ಇರಬೇಕೆಂಬುದು ರೂಢಿಯಲ್ಲಿರುವ ಸ್ಥೂಲ ನಿಯಮ. ವರ್ಷಕ್ಕೆ 60 ಡೀಲ್ ಮುಗಿಸುವ ಸಂಸ್ಥೆಯ ಬಳಿ 5,000 ಲೀಡ್‌ಗಳಿದ್ದರೂ ಆರಕ್ಕಿಂತ ಹೆಚ್ಚು ಗುಣಗಳನ್ನು ಮಾದರಿಗೆ ಹಾಕುವುದು ಸರಿಯಲ್ಲ.

ಇದರಲ್ಲಿ ಕಾದಿರುವ ದೊಡ್ಡ ಅಪಾಯ ಉತ್ತರ ಪ್ರಶ್ನೆಯೊಳಗೇ ಸೇರಿಕೊಳ್ಳುವುದು. ಸಿಆರ್‌ಎಂನಲ್ಲಿ ಖರೀದಿಯ ಸಮಯ, ಬಳಕೆದಾರರ ಸಂಖ್ಯೆ ಮುಂತಾದ ಅಂಕಣಗಳನ್ನು ಸೇಲ್ಸ್‌ನವರು ತುಂಬುವುದು ಮಾತುಕತೆ ಮುಂದುವರಿದ ಮೇಲೆ. ಅಂತಹ ಅಂಕಣ ತುಂಬಿದೆ ಎಂಬುದೇ ಗೆಲುವಿನ ಕುರುಹಾಗಿ, ಹಳೆಯ ದತ್ತಾಂಶದ ಮೇಲೆ ಮಾದರಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಈ ಬೆಳಿಗ್ಗೆ ಬಂದ ಲೀಡ್‌ನಲ್ಲಿ ಆ ಅಂಕಣ ಖಾಲಿಯಾಗಿರುವುದರಿಂದ ಎಲ್ಲರಿಗೂ ಕಡಿಮೆ ಅಂಕ ಕೊಡುತ್ತದೆ. ಲೀಡ್ ಬಂದ ಕ್ಷಣದಲ್ಲಿ ತಿಳಿದಿದ್ದನ್ನು ಮಾತ್ರ ಬಳಸಬೇಕು, ಮತ್ತು ಹಿಂದಿನ ತಿಂಗಳುಗಳ ಲೀಡ್‌ಗಳಿಂದ ಕಲಿಸಿ ಅನಂತರದ ತಿಂಗಳುಗಳ ಲೀಡ್‌ಗಳ ಮೇಲೆ ಪರೀಕ್ಷಿಸಬೇಕು. ಇನ್ನೂ ಮಾತುಕತೆಯಲ್ಲಿರುವ ಹೊಸ ಲೀಡ್‌ಗಳನ್ನು ಸೋಲೆಂದು ಎಣಿಸದೆ ಹೊರಗಿಡಬೇಕು. ಕಾನೂನಿನ ಗಡುವುಗಳೂ ಮಾದರಿಯನ್ನು ದಾರಿ ತಪ್ಪಿಸುತ್ತವೆ: 5 ಕೋಟಿಯ ಮಿತಿ ಜಾರಿಗೆ ಬರುವ ಮುಂಚಿನ ವಾರಗಳಲ್ಲಿ ಇ-ಇನ್‌ವಾಯ್ಸ್ ಪುಟ ನೋಡಿದವರು ಅವಸರದಲ್ಲಿದ್ದರು; ಅದೇ ಪುಟಕ್ಕೆ ಈಗ ಅಷ್ಟು ತೂಕವಿಲ್ಲ, ಆದರೆ ಆ ಕಾಲದ ದತ್ತಾಂಶದಿಂದ ಕಲಿತ ಮಾದರಿಗೆ ಅದು ಗೊತ್ತಾಗುವುದಿಲ್ಲ.

ಮೂರನ್ನೂ ಒಂದೇ ಅಳತೆಯಿಂದ ನೋಡಲು ನಾವು ಅನುಸರಿಸಿದ ಕ್ರಮ ಸರಳವಾದದ್ದು. ಫಲಿತಾಂಶ ಗೊತ್ತಿರುವ ಲೀಡ್‌ಗಳನ್ನು ಪ್ರತಿ ವಿಧಾನದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿ, ಮೇಲಿನ ಐದನೇ ಒಂದು ಭಾಗದಲ್ಲಿ ಒಟ್ಟು ಗೆಲುವುಗಳ ಎಷ್ಟು ಪಾಲು ಬಂದಿದೆ ಎಂದು ನೋಡುವುದು. ಕುರುಡಾಗಿ ಜೋಡಿಸಿದರೂ ಅಲ್ಲಿ ಐದನೇ ಒಂದು ಪಾಲು ಗೆಲುವುಗಳು ಸಿಗಬೇಕು. ನಮ್ಮ ಅಂಕಪಟ್ಟಿ ಅದಕ್ಕಿಂತ ಸ್ವಲ್ಪವೇ ಮೇಲಿತ್ತು. ದರ್ಜೆಯ ವಿಧಾನ ಮತ್ತು ಸರಿಯಾಗಿ ಕಲಿಸಿದ ಮಾದರಿ ಎರಡೂ ಸಾಕಷ್ಟು ಮುಂದಿದ್ದವು, ಅವುಗಳ ನಡುವೆ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಈ ಪರೀಕ್ಷೆಗೂ ಒಂದು ಕುಂದಿದೆ: ಯಾರಿಗೆ ಕರೆಯೇ ಹೋಗಲಿಲ್ಲವೋ ಅವರು ದಾಖಲೆಯಲ್ಲಿ ಸೋತವರಾಗಿಯೇ ಇರುತ್ತಾರೆ. ಅದಕ್ಕಾಗಿ ಕೆಳದರ್ಜೆಯ ಪ್ರತಿ ಇಪ್ಪತ್ತರಲ್ಲಿ ಒಂದು ಲೀಡನ್ನು, ದರ್ಜೆ ತೋರಿಸದೆ, ಮಾಮೂಲಿನಂತೆ ಸೇಲ್ಸ್‌ಗೆ ಕೊಡುತ್ತೇವೆ. ಅಲ್ಲಿಂದಲೂ ಡೀಲ್‌ಗಳು ಬರತೊಡಗಿದರೆ ದರ್ಜೆಯ ನಿಯಮಗಳು ಹಳತಾಗಿವೆ ಎಂದರ್ಥ.

ಫಲಿತಾಂಶ ಸಮಸಮವಾದಾಗ ನಾನು ದರ್ಜೆಯನ್ನೇ ಆರಿಸಿದ್ದು ಸೇಲ್ಸ್‌ನವರ ಕಾರಣದಿಂದ. 0.31 ಎಂಬ ಸಂಖ್ಯೆಯನ್ನು ನೋಡಿ ಅವರು ಯಾರಿಗೆ ಏನು ಮಾತನಾಡಬೇಕೆಂದು ತಿಳಿಯಲಾರರು. ಎ3 ಎಂದರೆ ಗ್ರಾಹಕ ಸರಿಯಾದವನು, ಇನ್ನೂ ಬಿಸಿಯಾಗಿಲ್ಲ, ಆದ್ದರಿಂದ ಬೆಲೆಗಿಂತ ಮೊದಲು ಆತನ ಈಗಿನ ಬಿಲ್ಲಿಂಗ್ ಹೇಗೆ ನಡೆಯುತ್ತಿದೆ ಎಂದು ಕೇಳಬೇಕು ಎಂಬುದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ವರ್ಷಕ್ಕೆ ನೂರಾರು ಡೀಲ್ ಮುಗಿಸುವ, ದತ್ತಾಂಶ ನೋಡಿಕೊಳ್ಳಲು ಒಬ್ಬರನ್ನು ಇಟ್ಟಿರುವ ಸಂಸ್ಥೆಗೆ ಮಾದರಿ ಸೂಕ್ತ. ಅಲ್ಲಿಯೂ ಅದನ್ನು ಆರು ತಿಂಗಳಿಗೊಮ್ಮೆಯಾದರೂ ಹೊಸದಾಗಿ ಕಲಿಸಬೇಕಾಗುತ್ತದೆ. ಅಂಕಪಟ್ಟಿಯನ್ನು ಬಳಸಲೇಬೇಕಾದವರು ಚಟುವಟಿಕೆಯ ಒಟ್ಟು ಅಂಕಕ್ಕೆ ಒಂದು ಮೇಲ್ಮಿತಿ ಹಾಕಿ, ಇಮೇಲ್ ತೆರೆದದ್ದನ್ನು ಕೈಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಮೂರೂ ವಿಧಾನಗಳಿಗೆ ನಿಲುಕದ ಒಂದು ಗುಂಪಿದೆ: ಚಾರ್ಟರ್ಡ್ ಅಕೌಂಟೆಂಟ್‌ಗಳು ಕಳುಹಿಸಿದ ಗ್ರಾಹಕರು. ಅವರು ನಮ್ಮ ತಾಣಕ್ಕೆ ಬಂದಿರುವುದಿಲ್ಲ, ಯಾವ ಪತ್ರವನ್ನೂ ಓದಿರುವುದಿಲ್ಲ, ಫೋನ್ ನಂಬರ್ ಮಾತ್ರ ಇರುತ್ತದೆ; ಲೆಕ್ಕದ ಪ್ರಕಾರ ಅವರ ಆಸಕ್ತಿ 4. ಆ ಲೀಡ್‌ಗಳನ್ನು ನಾವು ದರ್ಜೆಯ ಸಾಲಿಗೆ ಸೇರಿಸದೆ, ಕಳುಹಿಸಿದ ಅಕೌಂಟೆಂಟ್‌ರ ಹೆಸರನ್ನು ಜೊತೆಗೆ ಬರೆದು, ನೇರವಾಗಿ ಕರೆಯ ಪಟ್ಟಿಗೆ ಹಾಕುತ್ತೇವೆ.