ಗೆರೆಯ ಮೇಲಿದ್ದದ್ದು ದೊಡ್ಡಮ್ಮನ ಮುಖವಲ್ಲ, ಮುರಕಲ್ಲಿನ ಗೋಡೆ

ಹದಿನಾಲ್ಕು ವರ್ಷಗಳಿಂದ ಎಡಿಟಿಂಗ್ ಮಾಡಿಕೊಂಡು ಬಂದವನು ವಿಡಿಯೊದ ಬಣ್ಣ ತಿದ್ದುವವನೊಬ್ಬ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಮೋಸಹೋದೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಅದೇ ಮನುಷ್ಯ ಅದೇ ಸ್ಕ್ರೀನ್‌ಶಾಟನ್ನು ನಾಳೆ ನಿಮಗೂ ಕಳಿಸುತ್ತಾನೆ.

ಬದಿಯಡ್ಕದ ಹತ್ತಿರ ನಮ್ಮ ಮೂಲಮನೆ. ಮನೆಯ ದೈವಗಳಿಗೆ ಸಲ್ಲುವ ತಂಬಿಲದ ದಿನ ತೋರಿಸಲೆಂದು ಕುಟುಂಬದ 28 ಮಂದಿಯ ವಿಡಿಯೊ ಭಾವಚಿತ್ರ ತೆಗೆದಿದ್ದೆ, ತಲಾ 15 ಸೆಕೆಂಡು, ಕೆಲವರದು ಎರಡೆರಡು ಜಾಗದಲ್ಲಿ. ಅರ್ಧದಷ್ಟು ಮನೆಯ ಮುರಕಲ್ಲಿನ ಗೋಡೆಯ ಎದುರು, ಉಳಿದದ್ದು ಹಲಸಿನ ಮರದ ಹಳೆಯ ಬಾಗಿಲಿನ ಎದುರು, ನಾಲ್ಕೈದು ಮಾತ್ರ ತೋಟದ ಅಂಚಿನಲ್ಲಿ. ಸಮಯವಿರಲಿಲ್ಲ, ಬಣ್ಣ ಹೊಂದಿಸುವ ಕೆಲಸವನ್ನು, ಅಂದರೆ ಗ್ರೇಡಿಂಗನ್ನು, ಹೊರಗಿನ ಕಲರಿಸ್ಟ್ ಒಬ್ಬನಿಗೆ ಕೊಟ್ಟೆ. ಒಟ್ಟು 18,000 ರೂಪಾಯಿ, ಅರ್ಧ ಮುಂಗಡ. ಅವನು ಹೇಳಿದ ಮೊದಲ ಮಾತೇ ಇದು: "ಎಲ್ಲ ಮುಖಗಳನ್ನೂ ಸ್ಕಿನ್ ಟೋನ್ ಲೈನಿನ ಮೇಲೆ ಕೂರಿಸಿ ಕೊಡುತ್ತೇನೆ ಸರ್."

ಕೂರಿಸಿಯೂ ಕೊಟ್ಟ. ಪ್ರತಿ ಫ್ರೇಮಿಗೂ ಒಂದೊಂದು ವೆಕ್ಟರ್‌ಸ್ಕೋಪ್ ಸ್ಕ್ರೀನ್‌ಶಾಟ್ ಬಂತು. ಚಿತ್ರದ ಬಣ್ಣಗಳು ಯಾವ ದಿಕ್ಕಿಗಿವೆ, ಎಷ್ಟು ಗಾಢ ಎಂದು ದುಂಡಗಿನ ನಕ್ಷೆಯಲ್ಲಿ ತೋರಿಸುವ ಸಾಧನ ಅದು, ಬಣ್ಣಗಳು ಬಿದ್ದ ಗುರುತೇ ಟ್ರೇಸ್. ಕೆಂಪಿಗೂ ಹಳದಿಗೂ ನಡುವೆ, ಗಡಿಯಾರದ ಹನ್ನೊಂದರ ಮುಳ್ಳಿನ ಹತ್ತಿರ ಚರ್ಮದ ಬಣ್ಣದ ಆ ಗೆರೆ. ಅದರ ಮೇಲೆ ದಪ್ಪ ಟ್ರೇಸ್, ಬಾಳೆಎಲೆಯ ನಡುದಂಟಿನ ಹಾಗೆ ನೇರ. ಎಲ್ಲದರಲ್ಲಿಯೂ ಹಾಗೆಯೇ. ಮುಖ ನೋಡಬೇಕಿತ್ತು. ನಾನು ಸ್ಕೋಪ್ ನೋಡಿದೆ. ಉಳಿದ 9,000 ಅಂದೇ ಹಾಕಿಬಿಟ್ಟೆ.

ತಂಬಿಲದ ದಿನ ಚಾವಡಿಯಲ್ಲಿ ಪರದೆ ಕಟ್ಟಿ ತೋರಿಸಿದೆವು. ಗೋಡೆಯ ಎದುರಿನ ದೊಡ್ಡಮ್ಮ ಬಂದಳು. ಚಾವಡಿಯಿಡೀ ಸುಮ್ಮನಾಯಿತು. ದೊಡ್ಡಮ್ಮನೇ ಕೇಳಿದಳು: "ಮಾಣಿ, ನನಗೆ ಕಾಮಾಲೆಯಾಗಿದೆಯಾ?" ಮುಂದೆ ಅವಳೇ ಬಾಗಿಲಿನ ಎದುರು ಬಂದಾಗ ಮುಖ ಬಿಸಿಲಿನಲ್ಲಿ ಬೆಂದ ಹಾಗೆ ಕೆಂಪು. ಒಬ್ಬಳೇ ಹೆಂಗಸು, ಒಂದೇ ಬೆಳಿಗ್ಗೆ, ಎರಡು ಬಣ್ಣ. ಎರಡರ ಸ್ಕ್ರೀನ್‌ಶಾಟಿನಲ್ಲೂ ಟ್ರೇಸ್ ಗೆರೆಯ ಮೇಲೆ!

ಅಲ್ಲಿಂದಲೇ ಸಂದೇಶ ಕಳಿಸಿದೆ. ಉತ್ತರ: "ಸ್ಕೋಪ್ ಸುಳ್ಳು ಹೇಳುವುದಿಲ್ಲ ಸರ್. ನಿಮ್ಮ ಪ್ರೊಜೆಕ್ಟರ್ ನೋಡಿಸಿ."

ಪ್ರೊಜೆಕ್ಟರ್ ಅಂತೆ. ರಾತ್ರಿ ಕುಳಿತು, ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ದೊಡ್ಡಮ್ಮನ ಕೆನ್ನೆಯಲ್ಲಿ ನಾಣ್ಯದಷ್ಟು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಕ್ರಾಪ್ ಮಾಡಿ ಕಪ್ಪಾಗಿಸಿದೆ. ಕಪ್ಪಿಗೆ ಬಣ್ಣವಿಲ್ಲ, ಅದು ಸ್ಕೋಪಿನ ನಡುಬಿಂದುವಿನಲ್ಲಿ ಬಿದ್ದಿರುತ್ತದೆ. ಹೊರಗೆ ಚಾಚುವುದು ಚರ್ಮ ಮಾತ್ರ. ಆ ದಪ್ಪ ಟ್ರೇಸ್ ಮಾಯವಾಯಿತು. ಉಳಿದದ್ದು ಒಂದು ಸಣ್ಣ ಎಳೆ, ಗೆರೆಯಿಂದ ಸುಮಾರು 12 ಡಿಗ್ರಿ ಹಳದಿಯ ಕಡೆಗೆ. ಮತ್ತೆ ಕೆನ್ನೆಯನ್ನು ಮುಚ್ಚಿ ಗೋಡೆಯನ್ನು ಮಾತ್ರ ಬಿಟ್ಟೆ. ಆ ದಪ್ಪ ಟ್ರೇಸ್ ಗೆರೆಯ ಮೇಲೆ ಬಂದು ಕುಳಿತಿತು. ಅವನು ಗೆರೆಯ ಮೇಲೆ ಕೂರಿಸಿದ್ದು ಗೋಡೆಯನ್ನು. ನಾನು 18,000 ರೂಪಾಯಿ ಕೊಟ್ಟು ಮುರಕಲ್ಲಿಗೆ ಸರಿಯಾದ ಚರ್ಮದ ಬಣ್ಣ ಹಚ್ಚಿಸಿಕೊಂಡಿದ್ದೆ.

ಆಗಿದ್ದು ಇಷ್ಟು. ಫ್ರೇಮಿನ ಮುಕ್ಕಾಲು ಭಾಗ ಗೋಡೆ. ಮುರಕಲ್ಲಿನ ಬಣ್ಣ ಸಹಜವಾಗಿಯೇ ಗೆರೆಗಿಂತ ಕೆಂಪಿನ ಕಡೆಗೆ ಬೀಳುತ್ತದೆ. ಇಡೀ ಫ್ರೇಮಿನ ಟ್ರೇಸ್ ನೋಡಿದವನು "ಮುಖ ಕೆಂಪಾಗಿದೆ" ಎಂದುಕೊಂಡು ಎಲ್ಲವನ್ನೂ ಹಳದಿಗೆ ನೂಕಿದ. ಮೂಲದಲ್ಲಿ ಗೆರೆಯ ಹತ್ತಿರವೇ ಇದ್ದ ಚರ್ಮ ಗೆರೆ ದಾಟಿ ಹೋಯಿತು. ಹಲಸಿನ ಬಾಗಿಲಿನದು ಇದರ ತಿರುಗುಮುರುಗು. ಆ ಮರವೇ ಹಳದಿ. ಅದನ್ನು ಗೆರೆಗೆ ಎಳೆಯಲು ಕೆಂಪಿಗೆ ನೂಕಿದ, ಕೆನ್ನೆ ಹೋಗಿ ಕೆಂಪು ಚೌಕದ ದಿಕ್ಕಿಗೆ ನಿಂತಿತು. ದೊಡ್ಡಮ್ಮನ ಎರಡು ಕೆನ್ನೆಗಳ ನಡುವೆ 20 ಡಿಗ್ರಿಗೂ ಹೆಚ್ಚು ಅಂತರ. ಸರಣಿಗೆ ಒಂದೇ ಬಣ್ಣ ಬರಲೆಂದು ಕೊಟ್ಟ ಕೆಲಸ ಇದು!

ಹೇಗೆ ನೂಕಿದ ಎಂಬುದನ್ನೂ ದೊಡ್ಡಪ್ಪನ ಬಿಳಿ ಪಂಚೆ ಹೇಳಿಬಿಟ್ಟಿತು. ಎಲ್ಲ ಬಣ್ಣಗಳನ್ನೂ ನಡುಬಿಂದುವಿನ ಸುತ್ತ ತಿರುಗಿಸುವ ಹ್ಯೂ ಬಳಸಿದ್ದರೆ ಬಿಳಿ ನಡುಬಿಂದು ಬಿಟ್ಟು ಕದಲುವುದಿಲ್ಲ. ಪಂಚೆಯನ್ನು ಮಾತ್ರ ಕ್ರಾಪ್ ಮಾಡಿ ನೋಡಿದರೆ ಅದರ ಚುಕ್ಕೆ ನಡುವಿನಿಂದ ಹಳದಿಗೆ ಜಾರಿತ್ತು. ಅಂದರೆ ಬೆಳಕಿನ ಭಾಗಗಳ ಬಣ್ಣ ಬದಲಿಸುವ ಗೇನ್ ಎಳೆದು ಇಡೀ ಚಿತ್ರದ ಬಿಳಿಯನ್ನೇ ಕೆಡಿಸಿದ್ದಾನೆ.

ಎರಡು ಕ್ರಾಪ್‌ಗಳನ್ನೂ ಕಳಿಸಿದೆ. ಉತ್ತರ: "ಕೆನ್ನೆಯ ಒಂದು ಚುಕ್ಕೆ ನೋಡಿ ಯಾರೂ ಗ್ರೇಡ್ ಮಾಡುವುದಿಲ್ಲ ಸರ್, ಸರಾಸರಿ ನೋಡಬೇಕು."

ಸರಾಸರಿ! ತೋಟದ ಅಂಚಿನಲ್ಲಿ ತೆಗೆದ ಭಾವನ ಫ್ರೇಮನ್ನೇ ನೋಡಿ. ಒಂದು ಕೆನ್ನೆಗೆ ಅಂಗಳದ ಕೆಂಪು ಮಣ್ಣಿನಿಂದ ಚಿಮ್ಮಿದ ಬೆಳಕು, ಇನ್ನೊಂದಕ್ಕೆ ಅಡಿಕೆ ಸೋಗೆಯ ಹಸಿರು. ಮುಖವನ್ನು ಮಾತ್ರ ಕ್ರಾಪ್ ಮಾಡಿದರೆ ಟ್ರೇಸ್ ಕಾಜಾಣದ ಬಾಲದ ಹಾಗೆ ಎರಡಾಗಿ ಸೀಳಿಕೊಳ್ಳುತ್ತದೆ, ಒಂದು ಎಳೆ ಕೆಂಪಿಗೆ, ಒಂದು ಹಳದಿಯಾಚೆಗೆ. ಸರಾಸರಿ ಸರಿಯಾಗಿ ಗೆರೆಯ ಮೇಲೆ. ಎರಡು ಕೆನ್ನೆಯೂ ತಪ್ಪು. ಇಡೀ ಚಿತ್ರವನ್ನು ಎತ್ತ ತಿರುಗಿಸಿದರೂ ಒಂದು ಕೆನ್ನೆ ಸರಿಹೋಗುವಾಗ ಇನ್ನೊಂದು ಕೆಡುತ್ತದೆ. ಹಸಿರು ಬಿದ್ದ ಕಡೆಗೆ ಬೇರೆ ಮಾಸ್ಕ್ ಹಾಕಿ ಅಷ್ಟನ್ನೇ ತಿದ್ದಬೇಕು, ಬೇರೆ ದಾರಿಯಿಲ್ಲ.

ಕೊನೆಗೆ ನಾನೇ ಮಾಡಿದೆ, ಮೂರು ರಾತ್ರಿ. ಅವನು ಕೊಟ್ಟದ್ದು ಬರಿಯ ರೆಂಡರ್, ಅದನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಕ್ಯಾಮೆರಾದ ಮೂಲ ಫೈಲಿನಿಂದಲೇ ಶುರು. ಮೊದಲು ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್‌ನಲ್ಲಿ ಮುಖದ ಬೆಳಕು ಹೊಂದಿಸಿದೆ. ಅದೇ ಚರ್ಮವಾದರೂ ಬೆಳಕು ಕಡಿಮೆಯಾದರೆ ಸ್ಕೋಪಿನಲ್ಲಿ ಎಳೆ ಗಿಡ್ಡವಾಗುತ್ತದೆ, ಬಣ್ಣ ಸಾಲದು ಎಂದು ಸ್ಯಾಚುರೇಶನ್ ಏರಿಸಿದರೆ ಮತ್ತೊಂದು ಅನಾಹುತ. ಆಮೇಲೆ ಪಂಚೆಯನ್ನು ನಡುಬಿಂದುವಿಗೆ ತಂದೆ. ಕೆನ್ನೆಯ ಸರದಿ ಕೊನೆಗೆ. ಹಣೆ ಬೇಡ, ನಮ್ಮಲ್ಲಿ ಗಂಧವೋ ಕುಂಕುಮವೋ ಇದ್ದೇ ಇರುತ್ತದೆ. ಬಿಳಿ ಸರಿಯಾದ ಮೇಲೆ ದೊಡ್ಡಮ್ಮನ ಕೆನ್ನೆ ಗೆರೆಗಿಂತ ಕೂದಲೆಳೆಯಷ್ಟು ಹಳದಿಗೆ ನಿಂತಿತು, ತಮ್ಮನ ಮಗನದು ಕೂದಲೆಳೆಯಷ್ಟು ಕೆಂಪಿಗೆ. ಹಾಗೆಯೇ ಬಿಟ್ಟೆ. ಅದು ಅವರವರ ಬಣ್ಣ. ಆ ಗೆರೆಯನ್ನು ಯಾರ ಚರ್ಮವನ್ನೂ ಅಳೆದು ಎಳೆದದ್ದಲ್ಲ. ಅಮೆರಿಕದಲ್ಲಿ 1953ರಲ್ಲಿ ಒಪ್ಪಿದ ಎನ್‌ಟಿಎಸ್‌ಸಿ ಎಂಬ ಬಣ್ಣದ ಟಿವಿ ಪದ್ಧತಿ ಬಣ್ಣ ಕಳಿಸಲು ಬಳಸಿದ ಎರಡು ಅಕ್ಷಗಳಲ್ಲೊಂದಾದ ಐ ಅಕ್ಷ ಅದು, ಚರ್ಮ ಅದರ ಆಸುಪಾಸಿಗೆ ಬೀಳುತ್ತದೆ ಅಷ್ಟೆ. ನಾನು ಹೊಂದಿಸಿದ್ದು ದೊಡ್ಡಮ್ಮನ ಗೋಡೆಯ ಕೆನ್ನೆಯನ್ನು ಅವಳದೇ ಬಾಗಿಲಿನ ಕೆನ್ನೆಗೆ. ಎರಡೂ ಎಳೆ ಒಂದರ ಮೇಲೊಂದು ಬಿದ್ದಾಗ ನಿಲ್ಲಿಸಿದೆ.

ಯಾರಿಗಾದರೂ ಈ ಕೆಲಸ ಕೊಡುವವರು ಇಡೀ ಫ್ರೇಮಿನ ಸ್ಕ್ರೀನ್‌ಶಾಟ್ ಒಪ್ಪಬೇಡಿ. ಕೆನ್ನೆಯ ಕ್ರಾಪ್ ಕೇಳಿ, ಬಿಳಿ ಬಟ್ಟೆಯ ಕ್ರಾಪ್ ಕೇಳಿ, ಪ್ರಾಜೆಕ್ಟ್ ಫೈಲ್ ಕೈಗೆ ಬರುವವರೆಗೆ ಬಾಕಿ ಹಣ ಹಾಕಬೇಡಿ. ನನ್ನ ಹಾಗೆ ಸ್ಕೋಪಿನ ಅಂದ ನೋಡಿ ಅಂದೇ ಹಾಕಬೇಡಿ.

ಹಣ ವಾಪಸು ಬರಲಿಲ್ಲ. ಸರಿಮಾಡಿದ ದೊಡ್ಡಮ್ಮನ ಫ್ರೇಮನ್ನು ಸ್ಕೋಪಿನ ಸಮೇತ ಅವನಿಗೆ ಕಳಿಸಿದ್ದೆ, ನೋಡಲಿ ಎಂದು. ನಿನ್ನೆ ಉತ್ತರ ಬಂತು: "ಟ್ರೇಸ್ ಗೆರೆಯಿಂದ ಹೊರಗಿದೆ ಸರ್. ಸರಿಮಾಡಿ ಕೊಡಬೇಕೇ? ದರ ಮೊದಲಿನದೇ."