ಅಪ್ಪೆಮಿಡಿ ಭರಣಿಗೆ ಸೋತ ಫ್ಲೋಟಿಂಗ್ ಶೆಲ್ಫ್: ಎರಡು ಮಳೆಗಾಲ ಬಳಸಿದ ಮೇಲೆ

ಜೋಡಿಗೆ 1,450 ರೂಪಾಯಿ ಕೊಟ್ಟು ತರಿಸಿದ ಎರಡು ಶೆಲ್ಫ್‌ಗಳಲ್ಲಿ ಒಂದು ಇವತ್ತಿಗೂ ನೆಟ್ಟಗೆ ನಿಂತಿದೆ. ಇನ್ನೊಂದು ಕಳೆದ ಆಷಾಢದಲ್ಲಿ ತಲೆ ತಗ್ಗಿಸಿತು. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವು, ಒಂದೇ ದಿನ ಒಬ್ಬನೇ ಹುಡುಗ ಬಂದು ಎರಡನ್ನೂ ಹಾಕಿಕೊಟ್ಟ. ಆದ್ದರಿಂದ ಈಗ ಯಾರಾದರೂ "ಹೇಗಿದೆ, ತಗೊಳ್ಳಬಹುದಾ?" ಅಂತ ಕೇಳಿದರೆ ನಾನು ಮೊದಲು ಕೇಳೋದು, "ನಿಮ್ಮ ಗೋಡೆ ಯಾವುದರದ್ದು?"

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಅಡುಗೆಮನೆ, ನಡುಮನೆ ಎಲ್ಲ ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಣ್ಣಿನಲ್ಲಿ ಕಟ್ಟಿ ಮೇಲೆ ಗಾರೆ ಬಳಿದದ್ದು. ಪಕ್ಕದಲ್ಲಿ ಹೊಸದಾಗಿ ಸೇರಿಸಿದ ಕೋಣೆ ಗಟ್ಟಿ ಸಿಮೆಂಟ್ ಬ್ಲಾಕಿನದ್ದು. ಒಂದು ಶೆಲ್ಫ್ ಹೊಸ ಕೋಣೆಗೆ ಹೋಯಿತು, ಇನ್ನೊಂದು ಅಡುಗೆಮನೆಗೆ.

ಮೊದಲು ಸಂತೋಷದ ವಿಷಯ ಹೇಳಿಬಿಡ್ತೀನಿ. ಕೆಳಗೆ ಬ್ರಾಕೆಟ್ ಇಲ್ಲದ ಹಲಗೆ ಎಷ್ಟು ಸುಖ ಅನ್ನೋದು ದಿನಾ ಒರೆಸುವವರಿಗೆ ಮಾತ್ರ ಗೊತ್ತು. ಬೆಳಗ್ಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಒದ್ದೆ ಬಟ್ಟೆಯನ್ನ ಆ ತುದಿಯಿಂದ ಈ ತುದಿಗೆ ಮೇಲೊಮ್ಮೆ, ಕೆಳಗೊಮ್ಮೆ ಎಳೆದರೆ ಮುಗೀತು. ಎಲ್ಲೂ ಬಟ್ಟೆ ಸಿಕ್ಕಿಕೊಳ್ಳಲ್ಲ, ಮೂಲೆಯಲ್ಲಿ ಜೇಡ ಬಲೆ ಕಟ್ಟೋಕೆ ಜಾಗ ಇಲ್ಲ. ಕೆಳಗಿನ ಕಟ್ಟೆಯ ಮೇಲೆ ಮಿಕ್ಸಿ ಇಟ್ಟರೆ ತಲೆಗೆ ಏನೂ ತಾಗಲ್ಲ. ಫಿಲ್ಟರ್, ಎರಡು ಲೋಟ, ಸಕ್ಕರೆ ಡಬ್ಬಿ, ಅತ್ತೆಯ ಕನ್ನಡಕ, ಇಷ್ಟು ಅದರ ಮೇಲೆ ಇದ್ದ ತನಕ ಆ ಶೆಲ್ಫ್ ನನಗೆ ಮನೆಯ ಅತ್ಯಂತ ಚಂದದ ವಸ್ತುವಾಗಿತ್ತು.

ಆಮೇಲೆ ಮಿಡಿ ಬಂತು. ಉಪ್ಪಿನಕಾಯಿ ಹಾಕಿ, ಎರಡು ಭರಣಿ, ಒಂದು ಉಪ್ಪಿನ ಜಾಡಿ, ಒಂದೆರಡು ಸಣ್ಣ ಡಬ್ಬಿ ಅದರ ಮೇಲೆ ಏರಿದವು. ತಕ್ಕಡಿಗೆ ಹಾಕಿ ನೋಡಿದ್ದೆ, ಒಟ್ಟು 9 ಕೇಜಿ. ಶೆಲ್ಫಿನ ಸ್ವಂತ ತೂಕ 3 ಕೇಜಿ. ಪೆಟ್ಟಿಗೆಯ ಮೇಲೆ 20 ಕೇಜಿ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅರ್ಧ ಭಾರ ಕೂಡ ಹಾಕಿಲ್ಲವಲ್ಲ ಅಂತ ನನ್ನ ಧೈರ್ಯ.

ಕೆಟ್ಟದ್ದು ಒಂದೇ ದಿನಕ್ಕೆ ಆಗಲಿಲ್ಲ. ಮಳೆ ಹಿಡಿದ ಎರಡನೇ ವಾರ ಲೋಟ ತಾನಾಗಿ ಅಂಚಿನ ಕಡೆ ಜಾರುತ್ತಿತ್ತು. ನಾನು ಹಲಗೆ ಒದ್ದೆ ಇರಬೇಕು ಅಂದುಕೊಂಡೆ. ಒಂದು ಸಂಜೆ ನೋಡಿದರೆ ಶೆಲ್ಫಿನ ಮೇಲಂಚಿಗೂ ಗೋಡೆಗೂ ನಡುವೆ ಕಪ್ಪು ಗೆರೆ. ಹಳೇ ಲಗ್ನಪತ್ರಿಕೆಯ ಮೂಲೆ ತೂರಿಸಿದೆ, ಸಲೀಸಾಗಿ ಒಳಗೆ ಹೋಯಿತು. ಅವತ್ತೇ ಭರಣಿ ಇಳಿಸಿದ್ದರಿಂದ ಮಿಡಿ ಉಳಿಯಿತು. ಮೂರು ದಿನ ಬಿಟ್ಟು, ಬರೀ ಫಿಲ್ಟರ್ ಇದ್ದಾಗಲೇ, ಮೂರು ತಿರುಪುಗಳೂ ಪ್ಲಾಸ್ಟಿಕ್ ಪ್ಲಗ್ ಸಮೇತ ಹೊರಗೆ ಬಂದವು. ಪ್ಲಗ್‌ಗೆ ಅಂಟಿಕೊಂಡಿದ್ದು ಬಿಳಿ ಗಾರೆ ಮತ್ತು ಕೆಂಪು ಹುಡಿ.

ಸಿಟ್ಟಿನಲ್ಲಿ ಒಂದು ನಕ್ಷತ್ರ ಕೊಟ್ಟು ಮುಗಿಸೋಣ ಅಂತಿದ್ದೆ. ನಮ್ಮ ಆಚಾರ್ರು ಬಿದ್ದ ಬ್ರಾಕೆಟ್ಟನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಅಮ್ಮಾ, ಇದು ಬ್ರಾಕೆಟ್ ಅಲ್ಲ, ಹಾರೆ" ಅಂದರು. ಅಲ್ಲಿಂದ ನನಗೆ ವಿಷಯ ಅರ್ಥವಾಗುತ್ತಾ ಬಂತು.

ಒಳಗೆ ಇರೋದು ಇಷ್ಟೇ: ಗೋಡೆಗೆ ಮಲಗಿಸಿ ತಿರುಪು ಹಾಕುವ ಒಂದು ಕಬ್ಬಿಣದ ಪಟ್ಟಿ, ಅದರಿಂದ ಮುಂದಕ್ಕೆ ಚಾಚಿದ ಎರಡು ಸರಳು. ಟೊಳ್ಳು ಹಲಗೆಯನ್ನ ಆ ಸರಳುಗಳ ಮೇಲೆ ತೂರಿಸೋದು. ಪಟ್ಟಿ ಹಲಗೆಯ ಹೊಟ್ಟೆಯೊಳಗೆ ಅಡಗಬೇಕು. ನನ್ನ ಶೆಲ್ಫ್ ಹೊರಗಿಂದ 38 ಮಿ.ಮೀ. ದಪ್ಪ, ಮೇಲಿನ ಕೆಳಗಿನ ಹಾಳೆ ಕಳೆದರೆ ಒಳಗಿನ ಜಾಗ 26 ಮಿ.ಮೀ. ಹಾಗಾಗಿ ಪಟ್ಟಿಯ ಎತ್ತರ ಬರೀ 25 ಮಿ.ಮೀ. ಮೂರು ತಿರುಪುಗಳು ಅದರ ನಡುವೆ ಒಂದೇ ಸಾಲಿನಲ್ಲಿ, ಅಂದರೆ ಪಟ್ಟಿಯ ಕೆಳಂಚಿನಿಂದ ಸುಮಾರು 1.2 ಸೆಂ.ಮೀ. ಮೇಲೆ.

ಹಾರೆ ಹಾಕಿ ಬಂಡೆ ಎಬ್ಬಿಸುವಾಗ ಹಾರೆಯ ಕೆಳಗೆ ಒಂದು ಕಲ್ಲು ಇಟ್ಟುಕೊಳ್ತೀವಲ್ಲ, ಇಲ್ಲಿ ಪಟ್ಟಿಯ ಕೆಳಂಚೇ ಆ ಕಲ್ಲು. ಮುಂದೆ ಭಾರ ಒತ್ತಿದಷ್ಟೂ ಹಿಂದೆ ತಿರುಪು ಏಳುತ್ತದೆ. ಶೆಲ್ಫಿನ ಅಗಲ 20 ಸೆಂ.ಮೀ., ಭಾರದ ನಡು ಗೋಡೆಯಿಂದ 10 ಸೆಂ.ಮೀ. ದೂರ. ಹಲಗೆ ಸೇರಿ 12 ಕೇಜಿಯನ್ನ 10ರಿಂದ ಗುಣಿಸಿ, 1.2ರಿಂದ ಭಾಗಿಸಿ ನೋಡಿ. ತಿರುಪುಗಳನ್ನ ಗೋಡೆಯಿಂದ ಹೊರಗೆ ಎಳೆಯುವ ಬಲ 100 ಕೇಜಿ! ಒಂದೊಂದಕ್ಕೆ 33. ಅದೇ ಭಾರಕ್ಕೆ ಕೆಳಗೆ ಕಾಲು ಚಾಚಿದ ಮಾಮೂಲಿ ಎಲ್ ಬ್ರಾಕೆಟ್ ಇದ್ದಿದ್ದರೆ, ಮೇಲಿನ ತಿರುಪು ಕೆಳಂಚಿನಿಂದ 12 ಸೆಂ.ಮೀ. ಎತ್ತರದಲ್ಲಿ ಇರುತ್ತಿತ್ತು, ಎಳೆತ ಬರೀ 10 ಕೇಜಿ. ಕಾಣದ ಬ್ರಾಕೆಟ್ಟಿನ ಚಂದಕ್ಕೆ ನಾನು ಹತ್ತು ಪಟ್ಟು ಎಳೆತ ಕೊಂಡು ತಂದಿದ್ದೆ.

ಹಲಗೆಯ ದಪ್ಪ ಯಾಕೆ ಮುಖ್ಯ ಅಂತ ಗೊತ್ತಾಗಿದ್ದು ಇಲ್ಲೇ. ದಪ್ಪ ಹಲಗೆ ಮುರಿಯಲ್ಲ, ಬಗ್ಗಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು. ಅದಕ್ಕಿಂತ ದೊಡ್ಡದು, ದಪ್ಪ ಹಲಗೆಯೊಳಗೆ ಎತ್ತರದ ಪಟ್ಟಿ ಅಡಗುತ್ತದೆ, ತಿರುಪನ್ನ ಕೆಳಂಚಿನಿಂದ ದೂರ ಇಡಬಹುದು. ಆ ದೂರ ಮೂರು ಪಟ್ಟಾದರೆ ಎಳೆತ ಮೂರನೇ ಒಂದಕ್ಕೆ ಇಳಿಯುತ್ತದೆ. ಪತ್ರಿಕೆಯ ಮೂಲೆ ತೂರಿದ ಲೆಕ್ಕವೂ ಇದೇ: 25 ಮಿ.ಮೀ. ಪಟ್ಟಿಯ ಮೇಲಂಚು ಗೋಡೆಯಿಂದ 1 ಮಿ.ಮೀ. ಬಿಟ್ಟರೆ, 20 ಸೆಂ.ಮೀ. ಆಚೆಯ ಮುಂದಿನ ಅಂಚು 8 ಮಿ.ಮೀ. ಇಳಿದಿರುತ್ತದೆ. ಲೋಟ ಜಾರಿದ್ದು ಸುಮ್ಮನೆ ಅಲ್ಲ.

ಇನ್ನು ಗೋಡೆ. ಹೊಸ ಕೋಣೆಯ ಶೆಲ್ಫಿನ ಮೇಲೆ ಮಗಳ ಪುಸ್ತಕಗಳು, ಅಡುಗೆಮನೆಯದ್ದಕ್ಕಿಂತ ಭಾರ ಜಾಸ್ತಿಯೇ ಇರಬಹುದು. ಅದೇ ಪಟ್ಟಿ, ಅದೇ ಪ್ಲಗ್. ಗಟ್ಟಿ ಬ್ಲಾಕಿನಲ್ಲಿ ಪ್ಲಗ್ ಅರಳಿ ಕಚ್ಚಿಕೊಂಡಿದೆ, ಪತ್ರಿಕೆಯ ಮೂಲೆ ಇವತ್ತಿಗೂ ತೂರಲ್ಲ. ಅಡುಗೆಮನೆಯಲ್ಲಿ ಆಗಿದ್ದು ಬೇರೆ. ಶೆಲ್ಫಿನ ಜೊತೆ ಬಂದ ಪ್ಲಗ್ 40 ಮಿ.ಮೀ. ಉದ್ದ. ತೂತಿನೊಳಗೆ ಕಡ್ಡಿ ಇಟ್ಟು ಅಳೆದರೆ ನಮ್ಮ ಗಾರೆಯೇ 25 ಮಿ.ಮೀ. ದಪ್ಪ! ಅಂದರೆ ಕಲ್ಲಿನೊಳಗೆ ಹೋಗಿದ್ದು ಬರೀ 15. ಗಾರೆಗೆ ಎಳೆತ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು, ಚಿಪ್ಪಿನ ಹಾಗೆ ಎದ್ದು ಬರುತ್ತದೆ. ಮೂರರಲ್ಲಿ ಒಂದು ತೂತಂತೂ ಕಲ್ಲಿಗೇ ಬಿದ್ದಿರಲಿಲ್ಲ, ಎರಡು ಕಲ್ಲಿನ ನಡುವಿನ ಮಣ್ಣಿನ ಸಂದಿಗೆ ಬಿದ್ದಿತ್ತು. ಮಳೆಗಾಲದಲ್ಲಿ ಆ ಗೋಡೆ ತೇವ ಹೀರಿದಾಗ ಅಲ್ಲಿ ಹಿಡಿತ ಉಳಿಯೋದು ಹೇಗೆ?

ಹಾಕಲು ಬಂದ ಹುಡುಗ ಡ್ರಿಲ್ಲಿನ ಹ್ಯಾಮರ್ ಹಾಕಿಯೇ ಕೊರೆದಿದ್ದ. ಬ್ಲಾಕಿಗೆ ಅದು ಬೇಕು. ಜಂಬಿಟ್ಟಿಗೆ ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಪೊಳ್ಳು ಇರುವ ಕಲ್ಲು, ಹ್ಯಾಮರ್ ಏಟಿಗೆ ತೂತಿನ ಸುತ್ತ ಪುಡಿಯಾಗಿ ತೂತು ಹಿಗ್ಗುತ್ತದೆ. 8 ಮಿ.ಮೀ. ಅಂದುಕೊಂಡಿದ್ದು 10 ಆಗಿ ಪ್ಲಗ್ ಬೆರಳಲ್ಲೇ ಒಳಗೆ ಹೋಗಿತ್ತು. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ, "ಎಷ್ಟು ಸಲೀಸು" ಅಂತ ಮೆಚ್ಚಿದ್ದೆ ಬೇರೆ. ಪ್ಲಗ್‌ಗೆ ಸುತ್ತಿಗೆಯ ನಾಲ್ಕು ಏಟು ಬೇಕಾಗದಿದ್ದರೆ ಅಲ್ಲೇ ಕೆಲಸ ನಿಲ್ಲಿಸಬೇಕಿತ್ತು. ಕೊರೆಯುವಾಗ ಉದುರುವ ಹುಡಿಯೂ ಹೇಳುತ್ತದೆ: ಮೊದಲು ಬಿಳಿ ಗಾರೆ, ಆಮೇಲೆ ಕೆಂಪು ಒರಟು ಕಾಳು ಬಂದರೆ ಕಲ್ಲು, ಮೆತ್ತಗಿನ ಮಣ್ಣು ಬಂದು ಬಿಟ್ ತಾನಾಗಿ ಒಳಗೆ ನುಗ್ಗಿದರೆ ಸಂದಿ.

ಪೆಟ್ಟಿಗೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಆ 20 ಕೇಜಿ ಯಾವ ಗೋಡೆಗೆ, ಭಾರ ಗೋಡೆಯಿಂದ ಎಷ್ಟು ದೂರ ಇದ್ದಾಗ, ಅಂತ ಬರೆಯದೆ ಬರೀ ಸಂಖ್ಯೆ ಹಾಕಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ. ಅದಕ್ಕೇ ಎರಡು ನಕ್ಷತ್ರ ಕಡಿತ.

ಈಗ ಅಡುಗೆಮನೆಯಲ್ಲಿ ಇರೋದು ಆಚಾರ್ರು ಮಾಡಿದ್ದು. ಮಾಘದವರೆಗೆ ಕಾಯಿಸಿದರು, ಗೋಡೆ ಒಣಗಲಿ ಅಂತ. ಮನೆಯಲ್ಲೇ ಇದ್ದ ಹಲಸಿನ ಹಲಗೆ, 50 ಮಿ.ಮೀ. ದಪ್ಪ. ವೆಲ್ಡಿಂಗ್ ಅಂಗಡಿಯಲ್ಲಿ 45 ಮಿ.ಮೀ. ಎತ್ತರದ ಪಟ್ಟಿಗೆ 12 ಮಿ.ಮೀ. ಸರಳು ಎರಡು ಕೂರಿಸಿಕೊಂಡು ಬಂದರು. ಹಲಗೆಯ ಹಿಂಬದಿಗೆ ಪಟ್ಟಿ ಕೂರುವಷ್ಟು ತಗ್ಗು ತೋಡಿ, ಸರಳಿಗೆ ತೂತು ಕೊರೆದರು. 25 ಮಿ.ಮೀ. ಹಲಗೆಗೆ ಇದೇ ಸರಳು ಹಾಕಬಾರದಾ ಅಂತ ಕೇಳಿದೆ. ತೂತು ಕಳೆದರೆ ಮೇಲೆ ಕೆಳಗೆ ಆರೂವರೆ ಮಿ.ಮೀ. ಮರ ಉಳಿಯುತ್ತದೆ, ಡ್ರಿಲ್ ಒಂಚೂರು ಓರೆಯಾದರೆ ಸೀಳುತ್ತದೆ ಅಂದರು.

ಗೋಡೆಯಲ್ಲಿ ನಾಲ್ಕು ತೂತು, ಎಲ್ಲವೂ ಕಲ್ಲಿನ ನಡುವೆ, ಹ್ಯಾಮರ್ ಇಲ್ಲದೆ, ಗಾರೆ ದಾಟಿ ಕಲ್ಲಿನೊಳಗೆ 9 ಸೆಂ.ಮೀ. ಶಿವಮೊಗ್ಗಕ್ಕೆ ಹೋದಾಗ ತಂದ ರೆಸಿನ್ ಅಂಟಿನ ಟ್ಯೂಬ್ 800 ರೂಪಾಯಿ. ತೂತಿನ ಹುಡಿಯನ್ನ ಬ್ರಶ್ ಹಾಕಿ, ಸೈಕಲ್ ಪಂಪಿನಲ್ಲಿ ಊದಿ, ಮತ್ತೆ ಬ್ರಶ್ ಹಾಕಿ ಪೂರ್ತಿ ತೆಗೆದರು. ಹುಡಿ ಉಳಿದರೆ ಅಂಟು ಕಲ್ಲನ್ನ ಹಿಡಿಯಲ್ಲ, ಹುಡಿಯನ್ನ ಹಿಡಿಯುತ್ತದೆ. ಜಾಳಿಗೆಯ ಕೊಳವೆ ಒಳಗಿಟ್ಟು, ಅಂಟು ತುಂಬಿ, ತಿರುಪಿನ ಸುತ್ತು ಇರುವ 8 ಮಿ.ಮೀ. ಸರಳು ತೂರಿಸಿದರು. ಜಾಳಿಗೆ ಇಲ್ಲದಿದ್ದರೆ ಅಂಟೆಲ್ಲ ಕಲ್ಲಿನ ಪೊಳ್ಳಿಗೆ ಹರಿದು ಹೋಗುತ್ತಿತ್ತಂತೆ. ಇದ್ದರೆ ಪೊಳ್ಳಿಗೆ ಸ್ವಲ್ಪ ಸ್ವಲ್ಪ ಉಬ್ಬಿ ಬೇರು ಬಿಟ್ಟ ಹಾಗೆ ಹಿಡಿಯುತ್ತದೆ. ಮರುದಿನವೇ ನಟ್ ಬಿಗಿದಿದ್ದು.

ಲೆಕ್ಕ ಈಗ ಹೀಗಿದೆ: ಭಾರ 9 ಕೇಜಿ, ಹಲಸಿನ ಹಲಗೆ ಮೂರೂವರೆ. ಗೋಡೆಗೆ ಕೂರಿಸಿದ ನಾಲ್ಕು ಸರಳುಗಳು ಪಟ್ಟಿಯ ಕೆಳಂಚಿನಿಂದ 3.5 ಸೆಂ.ಮೀ. ಮೇಲೆ. ಒಟ್ಟು ಎಳೆತ ಸುಮಾರು 36 ಕೇಜಿ, ಒಂದಕ್ಕೆ 9. ಹಾಗಂತ 20 ಕೇಜಿ ಇಡುವ ಧೈರ್ಯ ನನಗಿಲ್ಲ. ಮೊಮ್ಮಗನನ್ನ ಎತ್ತಿಕೊಂಡ ಯಾರಾದರೂ ಮುಂದಿನ ಅಂಚಿಗೆ ಕೈ ಊರಿದರೆ ಆ ಭಾರ 20 ಸೆಂ.ಮೀ. ದೂರದಲ್ಲಿ ಬೀಳುತ್ತದೆ, ಎಳೆತ ಎರಡು ಪಟ್ಟು. ಭರಣಿಗಳನ್ನ ಗೋಡೆಗೆ ತಾಗಿಸಿ ಇಡೋದು, ಮುಂದೆ ಲೋಟ ಮಾತ್ರ. ಇದು ಈಗ ಅತ್ತೆಯ ಕಾನೂನು.

ಈ ವರ್ಷದ ಮಳೆ ಮುಗಿಯುತ್ತಾ ಬಂತು. ವಾರಕ್ಕೊಮ್ಮೆ ಒರೆಸುವಾಗ ಪತ್ರಿಕೆಯ ಮೂಲೆ ಒತ್ತಿ ನೋಡ್ತೀನಿ, ತೂರಿಲ್ಲ. ಎಲ್ಲ ಸೇರಿ ಒಂದಕ್ಕೇ 2,300 ರೂಪಾಯಿ ಆಯಿತು, ಮರ ನಮ್ಮದೇ ಆದರೂ. ಮೊದಲು ತಂದದ್ದು ಒಂದು 725. ಸಿಮೆಂಟ್ ಬ್ಲಾಕ್ ಅಥವಾ ಗಟ್ಟಿ ಇಟ್ಟಿಗೆ ಗೋಡೆ ಇದ್ದು, ಪುಸ್ತಕ, ಗೊಂಬೆ ಇಡುವವರಾದರೆ 725ರದ್ದೇ ಸಾಕು, ಗಾರೆ ದಾಟಿ ಒಳಗೆ ಹೋಗುವ ಉದ್ದದ ಪ್ಲಗ್ ಮಾತ್ರ ಬೇರೆ ತಂದುಕೊಳ್ಳಿ.

ಅತ್ತೆ ಈಗ ದೇವರ ಕೋಣೆಗೂ ಒಂದು ಹಾಕಿಸು ಅಂತಿದ್ದಾರೆ. ಆ ಗೋಡೆ ಪೂರ್ತಿ ಮಣ್ಣಿನದ್ದು. ಆಚಾರ್ರು ಅದಕ್ಕೆ ಬೆರಳಲ್ಲಿ ತಟ್ಟಿ ನೋಡಿ, ಅಲ್ಲೇ ಮೇಲೆ ಗೋಡೆ ಕಟ್ಟುವಾಗಲೇ ಹುಗಿದ ಮರದ ಗೂಟಗಳ ಮೇಲೆ ಕೂತಿರುವ ಹಳೇ ನಾಗಂದಿಗೆಯ ಕಡೆ ಕೈ ತೋರಿಸಿ, "ಅದನ್ನೇ ಒರೆಸಿಕೊಳ್ಳಿ ಮಾರಾಯ್ರೆ" ಅಂದು ಕಾಫಿ ಕುಡಿದು ಹೋದರು.